ನಸುಕಿನ ರೈಲ್ವೆ ಸ್ಟೇಷನ್ ಮೇಲೆ ಒಂದು ಮುಕ್ತಛಂದದ ಕವಿತೆ: ನೋಟ್‌ಬುಕ್‌ನಿಂದ ಕೊನೆಯ ಸಾಲಿನವರೆಗೆ

ಕಲಬುರಗಿಯಲ್ಲಿ ನಾನು ನಡೆಸುವ ಬರವಣಿಗೆ ತರಗತಿಯಲ್ಲಿ ಪ್ರತಿ ಸಲ ಕೊಡುವ ಒಂದು ಅಭ್ಯಾಸ ಇದೆ. ಸಣ್ಣ ಊರಿನ ರೈಲ್ವೆ ಸ್ಟೇಷನ್, ನಸುಕಿನ ಹೊತ್ತು, ಮೂವತ್ತು ಸಾಲಿನೊಳಗೆ ಒಂದು ಮುಕ್ತಛಂದದ ಕವಿತೆ. ಕೇಳಲು ಸುಲಭ. ಆದರೆ ಬರುವ ಕವಿತೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಸೋಲುತ್ತವೆ: ಸೂರ್ಯ ಹೊಂಗಿರಣ ಚೆಲ್ಲುತ್ತಾನೆ, ರೈಲು ಹೊಗೆ ಉಗುಳುತ್ತಾ ಚುಕುಬುಕು ಅಂತ ಬರುತ್ತದೆ, ಕೊನೆಗೆ ಬದುಕೇ ಒಂದು ಪಯಣ ಆಗಿಬಿಡುತ್ತದೆ. ಆ ಕವಿತೆಯಲ್ಲಿ ಶಹಾಬಾದ್ ಇರುವುದಿಲ್ಲ, ಯಾದಗಿರಿ ಇರುವುದಿಲ್ಲ, ಭಾಲ್ಕಿಯೂ ಇರುವುದಿಲ್ಲ. ಯಾವ ಊರಿಗಾದರೂ ಹೊಂದುತ್ತದೆ, ಅಂದರೆ ಯಾವ ಊರಿಗೂ ಸೇರಿಲ್ಲ.

ಬರೆಯುವವರಿಗೆ ಪ್ರತಿಭೆ ಇಲ್ಲ ಅಂತಲ್ಲ. ಅವರು ಕೆಲಸವನ್ನು ತಲೆಕೆಳಗಾಗಿ ಶುರು ಮಾಡುತ್ತಾರೆ. ಮೊದಲು ಅರ್ಥ ಹುಡುಕುತ್ತಾರೆ, ಆಮೇಲೆ ಅದಕ್ಕೆ ಸ್ಟೇಷನ್ ಅಂಟಿಸುತ್ತಾರೆ. ಕೆಳಗಿನ ಕ್ರಮ ಅದನ್ನು ನೆಟ್ಟಗೆ ಮಾಡಲಿಕ್ಕೆ. ಉದಾಹರಣೆಗೆ ನಮ್ಮ ತರಗತಿಯ ಒಬ್ಬ ವಿದ್ಯಾರ್ಥಿನಿ ಶಹಾಬಾದ್ ಸ್ಟೇಷನ್ ಮೇಲೆ ಬರೆದ ಕವಿತೆಯನ್ನೇ, ಅವಳ ಒಪ್ಪಿಗೆ ಪಡೆದು, ಹಂತಹಂತವಾಗಿ ತೋರಿಸುತ್ತೇನೆ.

## ಏನೇನು ಬೇಕು

ಜೇಬಿಗೆ ಹೋಗುವ ನೋಟ್‌ಬುಕ್, ಒಂದು ಪೆನ್ಸಿಲ್, ಚಳಿಗಾಲ ಆದರೆ ಶಾಲು. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಳ್ಳಿ. 10 ರೂಪಾಯಿ, ಎರಡು ಗಂಟೆ ನಡೆಯುತ್ತದೆ, ಈ ಕೆಲಸಕ್ಕೆ ಅಷ್ಟು ಸಾಕು.

ಫೋನ್ ಜೇಬಿನಲ್ಲೇ ಇರಲಿ. ಫೋಟೋ ತೆಗೆದರೆ ಕಣ್ಣು ಕೆಲಸ ನಿಲ್ಲಿಸಿಬಿಡುತ್ತದೆ, ಮನೆಗೆ ಹೋಗಿ ನೋಡಿದರಾಯ್ತು ಅಂತ. ಆದರೆ ಫೋಟೋದಲ್ಲಿ ಬೆಂಚಿನ ಥಂಡಿ ಇರುವುದಿಲ್ಲ, ವಾಸನೆ ಇರುವುದಿಲ್ಲ, ಒಂದು ಸದ್ದು ನಿಂತು ಇನ್ನೊಂದು ಶುರುವಾಗುವ ನಡುವಿನ ಹೊತ್ತೂ ಇರುವುದಿಲ್ಲ. ಅಲ್ಲದೆ ನಸುಕಿನಲ್ಲಿ ಫೋನಿನ ಕ್ಯಾಮೆರಾ ಕತ್ತಲೆಯನ್ನು ತಾನೇ ಬೆಳಕು ಮಾಡಿ ತೋರಿಸುತ್ತದೆ. ನೀವು ಬರೆಯಬೇಕಾದದ್ದೇ ಆ ಕತ್ತಲೆ.

## 1. ಹೊತ್ತು ಗೊತ್ತು ಮಾಡಿಕೊಳ್ಳಿ

"ಬೆಳಗ್ಗೆ" ಅನ್ನುವುದು ತುಂಬಾ ಅಗಲದ ಮಾತು. ಕವಿತೆಗೆ ಅರ್ಧ ಗಂಟೆ ಸಾಕು. ಸೂರ್ಯ ಹುಟ್ಟುವುದಕ್ಕೆ ನಲವತ್ತು ನಿಮಿಷ ಮೊದಲು ಹೋಗಿ ಕೂತುಕೊಳ್ಳಿ, ಸೂರ್ಯ ಕಂಡ ಮೇಲೆ ಎದ್ದು ಬನ್ನಿ. ಕಲಬುರಗಿ ಭಾಗದಲ್ಲಿ ಜನವರಿಯಲ್ಲಿ ಸೂರ್ಯೋದಯ 6:50ರ ಆಸುಪಾಸು, ಮೇ ಕೊನೆಗೆ 5:45ರ ಆಸುಪಾಸು. ಅಂದರೆ ಚಳಿಗಾಲದಲ್ಲಿ 6:10ಕ್ಕೆ ನೀವು ಬೆಂಚಿನ ಮೇಲೆ ಇರಬೇಕು.

ಎಲ್ಲಿ ಕೂರುತ್ತೀರಿ ಅನ್ನುವುದೂ ಮುಖ್ಯ. ಟಿಕೆಟ್ ಕೌಂಟರ್ ಮುಂದೆ ದೀಪ ಜಾಸ್ತಿ, ಅಲ್ಲಿ ರಾತ್ರಿಗೂ ನಸುಕಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಪ್ಲಾಟ್‌ಫಾರ್ಮಿನ ತುದಿಯ ಕಡೆ, ದೀಪದ ಕಂಬದಿಂದ ಸ್ವಲ್ಪ ದೂರ, ಆದರೆ ಜನ ಕೂತಿರುವ ಜಾಗ ನೋಡಿಕೊಳ್ಳಿ. ಅಂಚಿಗೆ ಹೋಗಬೇಡಿ, ಹಳಿ ದಾಟಬೇಡಿ. ನಿಲ್ಲದೆ ಹೋಗುವ ಗಾಡಿಗಳು ಈ ಲೈನಿನಲ್ಲಿ ಬಹಳ, ನೋಟ್‌ಬುಕ್ ನೋಡುತ್ತಾ ನಿಂತವರಿಗೆ ಅವು ಹತ್ತಿರ ಬರುವವರೆಗೂ ಕೇಳಿಸುವುದಿಲ್ಲ.

## 2. ಬರುವ ಕ್ರಮದಲ್ಲೇ ಬರೆದುಕೊಳ್ಳಿ

ಈ ಹಂತದಲ್ಲಿ ಕವಿತೆ ಬರೆಯಬೇಡಿ. ಸುಮ್ನೆ ಪಟ್ಟಿ. ಒಂದು ಸಾಲಿಗೆ ಒಂದು ಸಂಗತಿ, ಪಕ್ಕದಲ್ಲಿ ಗಂಟೆ. ಮೂವತ್ತು ಸಂಗತಿ ಆಗುವ ತನಕ ಏಳಬೇಡಿ. ಮೊದಲ ಹತ್ತು ಎಲ್ಲರೂ ಬರೆಯುವಂಥವೇ ಆಗಿರುತ್ತವೆ: ಚಹಾ, ನಾಯಿ, ಗಾಡಿ, ಪೊರಕೆ. ಹದಿನೈದು ದಾಟಿದ ಮೇಲೆ ನಿಮ್ಮ ಕಣ್ಣಿಗೆ ಮಾತ್ರ ಬಿದ್ದದ್ದು ಬರಲು ಶುರುವಾಗುತ್ತದೆ.

ಗಂಟೆ ಯಾಕೆ ಅಂದರೆ, ನಸುಕಿಗೆ ತನ್ನದೇ ಒಂದು ಕ್ರಮ ಇದೆ. ಅದು ತಪ್ಪಿದರೆ ಇಡೀ ಕವಿತೆ ಸುಳ್ಳಾಗಿ ಕಾಣುತ್ತದೆ. ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಆಕಾರ ಮೊದಲು ಕಾಣುತ್ತದೆ, ಬಣ್ಣ ಆಮೇಲೆ. ಅದರಲ್ಲೂ ಕೆಂಪು ಎಲ್ಲಕ್ಕಿಂತ ತಡ. ಕಡಿಮೆ ಬೆಳಕಿನಲ್ಲಿ ಕೆಂಪು ಬಟ್ಟೆ ಕಪ್ಪಾಗಿಯೇ ಕಾಣುತ್ತದೆ. ಸ್ಟೇಷನ್ನಿನ ಹೆಸರಿನ ಹಲಗೆ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಮೊದಲು ಎರಡು ಕಂಬದ ನಡುವೆ ಏನೋ ಒಂದು ಚೌಕ. ಸ್ವಲ್ಪ ಹೊತ್ತಿಗೆ ಅದು ಹಳದಿ ಅಂತ ಗೊತ್ತಾಗುತ್ತದೆ. ಆಮೇಲೆ ಅದರ ಮೇಲಿನ ಕಪ್ಪು ಅಕ್ಷರ ಓದಲು ಬರುತ್ತದೆ. ಕತ್ತಲೆ ಇರುವಾಗಲೇ ಎರಡನೇ ಸಾಲಿನಲ್ಲಿ "ಕೆಂಪು ಸೀರೆಯ ಹೆಂಗಸು" ಅಂತ ಬರೆದರೆ, ಬರೆದವರು ಮನೆಯಲ್ಲಿ ಕೂತು ಬರೆದಿದ್ದಾರೆ ಅಂತ ಓದುಗನಿಗೆ ಕಾರಣ ಗೊತ್ತಿಲ್ಲದೆಯೂ ಅನ್ನಿಸಿಬಿಡುತ್ತದೆ.

ಸದ್ದಿಗೂ ಇದೇ ಮಾತು. ಎರಡು ನಿಮಿಷ ಕಣ್ಣು ಮುಚ್ಚಿ ಕೂತು ಕೇಳಿದ್ದನ್ನಷ್ಟೇ ಬರೆಯಿರಿ. ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ ಮೇಲೆ ಹೋಗುವ ಮುಖ್ಯ ಲೈನಿನಲ್ಲಿ ಈಗ ಕರೆಂಟಿನ ಎಂಜಿನ್. ಹೊಗೆ ಇಲ್ಲ. ಹಳಿಗಳನ್ನು ಬೆಸೆದು ಉದ್ದಕ್ಕೆ ಒಂದೇ ಮಾಡಿರುವುದರಿಂದ ಹಳೆಯ ಆ ಟಕಟಕ ಸದ್ದು ಎಲ್ಲ ಕಡೆ ಬರುವುದಿಲ್ಲ, ಗಾಡಿ ಲೈನು ಬದಲಿಸುವ ಜಾಗದಲ್ಲಿ ಹೆಚ್ಚು ಕೇಳುತ್ತದೆ. "ಚುಕುಬುಕು" ನಿಮ್ಮ ಪಟ್ಟಿಗೆ ಬಂದಿದ್ದರೆ ಅದು ನಿಮ್ಮ ಕಿವಿಯಿಂದ ಬಂದದ್ದಲ್ಲ, ಬಾಲವಾಡಿಯ ಪದ್ಯದಿಂದ ಬಂದದ್ದು. ಹೊಡೆದು ಹಾಕಿ.

ಇನ್ನೊಂದು. ವಸ್ತುವಿಗೆ ನಮ್ಮ ಕಡೆ ಏನು ಹೆಸರಿದೆಯೋ ಅದನ್ನೇ ಬರೆಯಿರಿ. "ಕಲ್ಲಿನ ಆಸನ" ಅಲ್ಲ, ಪರ್ಸಿ ಬೆಂಚು. "ಆಹಾರದ ಪೊಟ್ಟಣ" ಅಲ್ಲ, ರೊಟ್ಟಿ ಗಂಟು. "ಸರಕು ರೈಲು" ಅಲ್ಲ, ಮಾಲುಗಾಡಿ. "ಬೋಗಿ" ಅಂತ ನಿಮ್ಮ ಮನೆಯಲ್ಲಿ ಅನ್ನುವುದಿಲ್ಲ ಅಂದರೆ ಡಬ್ಬಿ ಅಂತಲೇ ಬರಲಿ. ಶಹಾಬಾದಿನ ಬೂದು ಬಣ್ಣದ ಪರ್ಸಿ ನಮ್ಮ ಮನೆಗಳ ನೆಲದಲ್ಲೂ ಇದೆ, ಜನವರಿಯಲ್ಲಿ ಬರಿಗಾಲಿಗೆ ಅದು ಹೇಗೆ ತಾಗುತ್ತದೆ ಅಂತ ಗೊತ್ತಿರುವವರಿಗೆ ಆ ಒಂದು ಪದದಲ್ಲೇ ಅರ್ಧ ಕವಿತೆ ಮುಟ್ಟುತ್ತದೆ.

ನಮ್ಮ ವಿದ್ಯಾರ್ಥಿನಿಯ ಪಟ್ಟಿಯಿಂದ ಕೆಲವು ಸಾಲು:

6:12 ಪರ್ಸಿ ಬೆಂಚು, ಶಾಲಿನ ಮೇಲಿಂದಲೂ ಥಂಡಿ.
6:15 ಅವ್ವ, ಮಗ. ಇಬ್ಬರ ನಡುವೆ ರೊಟ್ಟಿ ಗಂಟು.
6:16 ಅವ್ವ ಗಂಟಿನ ಮೇಲೆ ಕೈ ಇಡ್ತಾಳೆ. ತೆಗೀತಾಳೆ.
6:21 ಹಲಗೆ ಹಳದಿ ಆಯ್ತು.
6:24 ಮಾಲುಗಾಡಿ. ಹುಡುಗ ಡಬ್ಬಿ ಎಣಿಸ್ತಿದ್ದಾನೆ. 58 ಅಂದ.
6:26 ಮತ್ತೆ ಕೈ ಇಟ್ಟಳು.
6:33 ಕಂಬದ ದೀಪ ಹೋಯ್ತು. ಸೆರಗು ಕೆಂಪು, ಇಷ್ಟೊತ್ತು ಕರೀದು ಅಂದುಕೊಂಡಿದ್ದೆ.
6:41 ಗಾಡಿ. ಎರಡೇ ಮಾತು ಆಡಿದರು.
6:44 ಗಂಟು ಇಟ್ಟಿದ್ದ ಜಾಗದಲ್ಲಿ ಕಲ್ಲು ಒದ್ದೆ, ಗುಂಡಗೆ.

ಇದರಲ್ಲಿ ಒಂದು ಹೋಲಿಕೆಯೂ ಇಲ್ಲ, ಭಾವನೆಯ ಹೆಸರೂ ಇಲ್ಲ. ಪಟ್ಟಿ ಹೀಗೇ ಇರಬೇಕು.

ಕಂಡ ಜನರ ಹೆಸರು ಕೇಳಿಸಿದರೂ ಬರೆಯಬೇಡಿ. ಅವರು ಯಾರು ಅಂತ ಊರಿನವರಿಗೆ ಗುರುತು ಸಿಗುವಂಥ ವಿವರವನ್ನೂ ಬಿಡಿ. ಕವಿತೆಗೆ ಕೈ ಸಾಕು, ಮನೆತನ ಬೇಡ.

## 3. ಪಟ್ಟಿಯಲ್ಲಿ ಬದಲಾಗುವ ಒಂದು ವಸ್ತುವನ್ನು ಹುಡುಕಿ

ಹೆಚ್ಚಿನವರು ಎಡವುವುದು ಇಲ್ಲೇ. ಮೂವತ್ತೂ ಸಂಗತಿಗಳನ್ನು ಕವಿತೆಗೆ ತುಂಬುತ್ತಾರೆ. ಚಹಾದವನಿಗೆ ಒಂದು ನುಡಿ, ನಾಯಿಗೆ ಒಂದು, ಹಮಾಲನಿಗೆ ಒಂದು. ಅದು ಕವಿತೆ ಆಗುವುದಿಲ್ಲ, ಸ್ಟೇಷನ್ನಿನ ದಾಸ್ತಾನು ಪಟ್ಟಿ ಆಗುತ್ತದೆ.

ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿ: ಈ ಅರ್ಧ ಗಂಟೆಯಲ್ಲಿ ಇದ್ದಲ್ಲೇ ಇದ್ದು ಬದಲಾದದ್ದು ಯಾವುದು? ನಾಯಿ ಬಂತು, ಹೋಯ್ತು, ಬದಲಾಗಲಿಲ್ಲ. ಹಲಗೆ ಬದಲಾಯ್ತು, ಕತ್ತಲೆಯಿಂದ ಹೊರಗೆ ಬಂತು. ಸೆರಗು ಬದಲಾಯ್ತು. ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ರೊಟ್ಟಿ ಗಂಟು. ಬಿಸಿ ಇದ್ದದ್ದು ಆರಿತು. ಅವ್ವನ ಕೈ ಅದನ್ನು ಅಳೆಯುತ್ತಾ ಇತ್ತು. ಮಗ ಊರು ಬಿಡುವುದಕ್ಕೆ ಇನ್ನೆಷ್ಟು ಹೊತ್ತು ಅನ್ನುವುದನ್ನು ಗಡಿಯಾರಕ್ಕಿಂತ ಆ ಗಂಟೇ ಚೆನ್ನಾಗಿ ಹೇಳುತ್ತಿತ್ತು.

ಸರಿ, ಗಂಟು ಕವಿತೆಯ ಬೆನ್ನೆಲುಬು. ಉಳಿದದ್ದರಲ್ಲಿ ಅದರ ಜೊತೆ ನಿಲ್ಲುವಂಥದ್ದು ಮಾತ್ರ ಇರಲಿ. ಹೊರಗೆ ಬೆಳಕು ಏರುತ್ತಿದೆ, ಗಂಟಿನೊಳಗೆ ಬಿಸಿ ಇಳಿಯುತ್ತಿದೆ. ಹಲಗೆ ಮತ್ತು ಸೆರಗು ಮೊದಲನೆಯದನ್ನು ತೋರಿಸುತ್ತವೆ, ಅದಕ್ಕೇ ಉಳಿದುಕೊಂಡವು. ಚಹಾ, ನಾಯಿ, ಪೊರಕೆ ಎಲ್ಲ ಹೋದವು. ಅವಳಿಗೆ ಪೊರಕೆಯ ಸಾಲು ಬಿಡಲು ಬಹಳ ಕಷ್ಟವಾಯಿತು, ಅದು ಚೆಂದದ ಸಾಲೇ ಆಗಿತ್ತು. ಇನ್ನೊಂದು ಕವಿತೆಗೆ ಎತ್ತಿಟ್ಟುಕೊಳ್ಳಿ ಅಂದೆ.

ನಿಮ್ಮ ಪಟ್ಟಿಯಲ್ಲಿ ಬದಲಾಗುವ ವಸ್ತುವೇ ಸಿಗದಿದ್ದರೆ ಇನ್ನೊಂದು ದಿನ ಹೋಗಿ. ಕೂತಲ್ಲೇ ಕಲ್ಪಿಸಿಕೊಂಡು ಒಂದನ್ನು ತುರುಕಬೇಡಿ.

## 4. ಮೊದಲು ಗದ್ಯದಲ್ಲಿ ಬರೆಯಿರಿ

ಸಾಲು ಮುರಿಯುವ ಗೊಡವೆ ಬೇಡ. ಒಬ್ಬ ಗೆಳತಿಗೆ ಹೇಳುವ ಹಾಗೆ ಎಂಟು-ಹತ್ತು ವಾಕ್ಯ. ಕಾರಣ ಇಷ್ಟೇ: ಗದ್ಯದಲ್ಲಿ ಸಡಿಲ ಇರುವುದು ಬೇಗ ಕಾಣುತ್ತದೆ, ಸಾಲು ಮುರಿದ ಮೇಲೆ ಅದೇ ಸಡಿಲು ಮಾತು ಕವಿತೆಯ ಥರ ವೇಷ ಹಾಕಿಕೊಂಡು ತಪ್ಪಿಸಿಕೊಳ್ಳುತ್ತದೆ.

ಅವಳ ಗದ್ಯದಲ್ಲಿ "ಅವ್ವ ಬಿಸಿ ರೊಟ್ಟಿಯ ಗಂಟನ್ನು ಪರ್ಸಿ ಬೆಂಚಿನ ಮೇಲೆ ಇಟ್ಟಿದ್ದಳು" ಅಂತ ಇತ್ತು. ತರಗತಿಯಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು ತಕ್ಷಣ ಹಿಡಿದರು. "ಪ್ರಯಾಣಕ್ಕೆ ಯಾರವ್ವಾ ಬಿಸಿ ರೊಟ್ಟಿ ಕಟ್ತಾರೆ? ಆರಿಸಿ ಕಟ್ಟಬೇಕು, ಇಲ್ಲಾಂದ್ರ ಬೆವರತಾವ." ನೂರಕ್ಕೆ ನೂರು ಸರಿ. ಬಿಸಿ ಇದ್ದಾಗಲೇ ಕಟ್ಟಿದರೆ ಒಳಗಿನ ಹಬೆ ಹೊರಗೆ ಹೋಗದೆ ರೊಟ್ಟಿ ಒದ್ದೆ ಆಗುತ್ತದೆ. ಥಂಡಿ ಪರ್ಸಿ ಮೇಲೆ ಇಟ್ಟರಂತೂ ಕೆಳಗೆ ನೀರೇ ಇಳಿಯುತ್ತದೆ. ಆದರೆ ಆ ಒದ್ದೆ ಗುರುತನ್ನು ಇವಳು ಕಣ್ಣಾರೆ ಕಂಡಿದ್ದಳು. ಅಂದರೆ ಆ ಅವ್ವನಿಗೆ ಆರಿಸಲು ಹೊತ್ತಿರಲಿಲ್ಲ. ಆ ಒಂದು ವಾಕ್ಯ ಸೇರಿಸಿದೆವು ಅಷ್ಟೇ, ನಾಲ್ಕು ಗಂಟೆಗೆ ಎದ್ದದ್ದು, ಒಲೆ ಮುಂದೆ ಗಡಿಬಿಡಿ, ಹುಡುಗನ ಹೊರಡುವ ನಿರ್ಧಾರ ತಡವಾಗಿ ಆಗಿರಬಹುದು ಅನ್ನುವುದು ಎಲ್ಲ ಹೇಳದೆಯೇ ಒಳಗೆ ಬಂತು.

ಅದಕ್ಕೇ ಗದ್ಯದ ಹಂತದಲ್ಲೇ ಗೊತ್ತಿರುವವರಿಗೆ ಓದಿ ತೋರಿಸಿ. ವಸ್ತುವಿನ ಬಗ್ಗೆ ಒಂದು ತಪ್ಪು ಇದ್ದರೆ ಕವಿತೆ ಅಲ್ಲೇ ಕುಸಿಯುತ್ತದೆ.

## 5. ಸಾಲು ಮುರಿಯಿರಿ: ಕನ್ನಡದ ಕ್ರಿಯಾಪದದ ತೊಂದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಕನ್ನಡದಲ್ಲಿ ಮುಕ್ತಛಂದ ಬರೆಯುವವರ ದೊಡ್ಡ ಕಂಟಕ ಇದೇ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಒಂದು ವಾಕ್ಯಕ್ಕೆ ಒಂದು ಸಾಲು ಅಂತ ಮುರಿದರೆ ಏನಾಗುತ್ತದೆ ನೋಡಿ:

ಅವ್ವ ಕಾಯುತ್ತಿದ್ದಾಳೆ
ಗಂಟು ಬಿಸಿಯಾಗಿದೆ
ಹಲಗೆ ಕಾಣುತ್ತಿದೆ
ಗಾಡಿ ತಡವಾಗಿದೆ

ಎಲ್ಲ ಸಾಲೂ "ದೆ" ಅಂತ ಮುಗಿಯುತ್ತಿವೆ, ಅಥವಾ ಅದರ ಹತ್ತಿರ. ಪ್ರಾಸ ಬಿಟ್ಟೆವು ಅಂದುಕೊಂಡರೂ ಬೇಡದ ಪ್ರಾಸ ಹಿಂಬಾಗಿಲಿಂದ ಒಳಗೆ ಬಂದಿದೆ. ಇನ್ನೂ ಕೆಟ್ಟದ್ದು, ಸಾಲಿನ ಕೊನೆ ಅಂದರೆ ಕಿವಿ ನಿಲ್ಲುವ ಜಾಗ. ಅಲ್ಲಿ ಗಂಟು, ಹಲಗೆ, ಸೆರಗು ಕೂರಬೇಕಾಗಿತ್ತು. ಅದರ ಬದಲು "ಇದೆ" ಕೂತಿದೆ.

ಇದಕ್ಕೆ ಮೂರು ದಾರಿ ಇವೆ, ಒಂದೇ ಕವಿತೆಯಲ್ಲಿ ಮೂರನ್ನೂ ಬೆರೆಸಿ ಬಳಸಬಹುದು.

ಮೊದಲನೆಯದು, ಕ್ರಿಯಾಪದವನ್ನೇ ಬಿಡುವುದು. "ಬೆಂಚಿನ ಮೇಲೆ ಗಂಟು ಇದೆ" ಅನ್ನುವ ಬದಲು "ಪರ್ಸಿ ಬೆಂಚಿನ ಮೇಲೆ / ಬಟ್ಟೆಯ ಗಂಟು." ಕನ್ನಡ ಇದನ್ನು ಸಲೀಸಾಗಿ ಒಪ್ಪುತ್ತದೆ, ನಾವು ಮಾತಾಡುವಾಗಲೂ ಹೀಗೇ ಅಂತೇವೆ ಅಲ್ವಾ. ಆದರೆ ಎಲ್ಲ ಕಡೆ ಬಿಟ್ಟರೆ ಟೆಲಿಗ್ರಾಮ್ ಓದಿದ ಹಾಗಾಗುತ್ತದೆ.

ಎರಡನೆಯದು, ಕ್ರಿಯಾಪದವನ್ನು ಮುಂದೆ ತರುವುದು. "ಅವ್ವ ಗಂಟಿನ ಮೇಲೆ ಅಂಗೈ ಇಡುತ್ತಾಳೆ" ಅನ್ನುವುದನ್ನು "ಅವ್ವ ಅಂಗೈ ಇಡುತ್ತಾಳೆ / ಗಂಟಿನ ಮೇಲೆ" ಅಂತ ಮಾಡಿದರೆ, ಕೈ ಮೊದಲು ಏಳುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದು ಒಂದು ಕ್ಷಣ ತಡವಾಗಿ ಗೊತ್ತಾಗುತ್ತದೆ. ಮಾತಿನಲ್ಲಿ ನಾವು ಏನನ್ನೋ ನೆನಪಿಸಿಕೊಂಡು ಹೇಳುವಾಗ ಈ ಕ್ರಮ ತಾನಾಗಿ ಬರುತ್ತದೆ. ಬರೆದದ್ದನ್ನು ಬಾಯಲ್ಲಿ ಹೇಳಿ ನೋಡಿ, ಸಹಜವಾಗಿ ಬಂದರೆ ಇಡಿ, ತಿರುಚಿದ ಹಾಗೆ ಅನ್ನಿಸಿದರೆ ತೆಗೆಯಿರಿ.

ಮೂರನೆಯದು ನನಗೆ ಬಹಳ ಇಷ್ಟದ್ದು. "ಉಳಿದ", "ಮಲಗಿದ್ದ", "ಅಗಲದ" ಥರದ, ಮುಂದೆ ಒಂದು ನಾಮಪದ ಬೇಡುವ ರೂಪದ ಮೇಲೆ ಸಾಲು ನಿಲ್ಲಿಸುವುದು. "ಗಂಟಿನಷ್ಟೇ ಅಗಲದ" ಅಂತ ಸಾಲು ನಿಂತರೆ ಓದುಗ ಮುಂದೆ ಬಾಗುತ್ತಾನೆ, ಏನು ಅಗಲದ? ಕೆಳಗಿನ ಸಾಲಿನಲ್ಲಿ ವಸ್ತು ಸಿಗುತ್ತದೆ. ಆದರೆ ಇದು ಸಾಸಿವೆ ಒಗ್ಗರಣೆ ಇದ್ದ ಹಾಗೆ, ಕವಿತೆಗೆ ಒಂದೋ ಎರಡೋ ಸಲ ಸಾಕು. ನಿಜವಾಗಿ ಬೆರಗು ಇರುವ ಜಾಗಕ್ಕೆ ಕಾದಿಡಿ.

ಮುರಿಯಬಾರದ ಜಾಗವೂ ಇದೆ. "ಮೇಲೆ", "ಹಾಗೆ", "ಒಳಗೆ" ಇವುಗಳನ್ನು ಅವುಗಳ ನಾಮಪದದಿಂದ ಕಿತ್ತು ಮುಂದಿನ ಸಾಲಿಗೆ ಹಾಕಬೇಡಿ. "ಬೆಂಚಿನ / ಮೇಲೆ ಗಂಟು" ಅಂತ ಮುರಿದರೆ ಆ ಮುರಿತಕ್ಕೆ ಏನೂ ಕೆಲಸ ಇರುವುದಿಲ್ಲ. ಉಸಿರು ಸುಮ್ನೆ ಎಡವುತ್ತದೆ.

ಪ್ರಾಸ ಪೂರ್ತಿ ಬೇಡ ಅಂತಲೂ ನಾನು ಹೇಳುವುದಿಲ್ಲ. ಕನ್ನಡದ ಹಳೆಯ ಆದಿಪ್ರಾಸದಲ್ಲಿ ಸಾಲಿನ ಎರಡನೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಅದನ್ನು ನಿಯಮವಾಗಿ ಪಾಲಿಸಬೇಕಿಲ್ಲ, ಆದರೆ ಕಿವಿಗೆ ಅದು ಈಗಲೂ ಗೊತ್ತಿದೆ. ಕೆಳಗಿನ ಕವಿತೆಯಲ್ಲಿ "ಒಳಗೆ", "ಒಲೆಯಿಂದ" ಹತ್ತಿರ ಹತ್ತಿರ ಬಂದಿವೆ, ಳ ಮತ್ತು ಲ ಪಕ್ಕದಲ್ಲಿ ಕೂತು ಸಣ್ಣಗೆ ಮಾತಾಡಿಕೊಳ್ಳುತ್ತವೆ. ಅಷ್ಟು ಸಾಕು.

## 6. ತೆಗೆಯಿರಿ

ಈಗ ಕೆಂಪು ಪೆನ್ನು ಹಿಡಿಯಿರಿ. ಮೊದಲು ಹೋಗಬೇಕಾದದ್ದು ಭಾವನೆಯ ಹೆಸರುಗಳು: ಒಂಟಿತನ, ವಿರಹ, ಮಮತೆ, ಕನಸು. ಒಂದೊಂದನ್ನೂ ಹೊಡೆದು, ಆ ಭಾವನೆ ಯಾವ ವಸ್ತುವಿನಲ್ಲಿ ಇದೆ ಅಂತ ನೋಡಿ. ಅವಳ ಎರಡನೇ ಪ್ರತಿಯಲ್ಲಿ "ಮಮತೆಯ ಕೈ" ಇತ್ತು. ಗಂಟನ್ನು ಮುಟ್ಟಿ ನೋಡುವ ಕೈಗೆ ಆ ಗುಣವಾಚಕ ಬೇಕಾಗಿಲ್ಲ.

ಆಮೇಲೆ "ಅಂತೆ", "ಹಾಗೆ" ಎಣಿಸಿ. ಮೂವತ್ತು ಸಾಲಿನ ಕವಿತೆಯಲ್ಲಿ ಒಂದು ಹೋಲಿಕೆ ನಿಲ್ಲುತ್ತದೆ, ಹೆಚ್ಚೆಂದರೆ ಎರಡು. ಅವಳ ಪ್ರತಿಯಲ್ಲಿ ಐದು ಇದ್ದವು: ಹಳಿ ಹಾವಿನಂತೆ, ಸಿಗ್ನಲ್ ಕಣ್ಣಿನಂತೆ, ಮಬ್ಬು ಕಂಬಳಿಯಂತೆ, ಗುರುತು ಕಣ್ಣೀರಿನಂತೆ, ಮತ್ತೆ ಕೈ ಜ್ವರ ನೋಡುವ ಹಾಗೆ. ಮೊದಲ ನಾಲ್ಕು ಎಲ್ಲಿಂದಲೋ ತಂದವು. ಐದನೆಯದು ಆ ಕೈ ಈ ಮೊದಲೇ ಮಾಡಿದ ಕೆಲಸ, ಅದೇ ಹುಡುಗನ ಹಣೆಯ ಮೇಲೆ. ಕೊನೆಯ ಪ್ರತಿಯಲ್ಲಿ ಅದೊಂದೇ ಉಳಿಯಿತು. ಹೋಲಿಕೆ ಉಳಿಸುವಾಗ ನಾನು ನೋಡುವುದು ಇದನ್ನೇ: ಅದು ಕವಿತೆಯಲ್ಲಿ ಇರುವ ಜನರ ಮನೆಯಿಂದ ಬಂದಿದೆಯೋ, ಬೇರೆ ಕವಿತೆಗಳಿಂದ ಬಂದಿದೆಯೋ.

ಭಾಷೆಯ ಬೆರಕೆಯನ್ನೂ ಇಲ್ಲೇ ಸರಿ ಮಾಡಿ. ನಿರೂಪಣೆ ಬರವಣಿಗೆಯ ಕನ್ನಡದಲ್ಲಿದ್ದರೆ ಕೊನೆಯವರೆಗೂ ಹಾಗೇ ಇರಲಿ, ಪಾತ್ರಗಳ ಮಾತು ಮಾತ್ರ ನಮ್ಮ ಆಡುಮಾತಿನಲ್ಲಿ ಬರಲಿ. ಅರ್ಧ ಸಾಲು "ಮ್ಯಾಲ", ಮುಂದಿನ ಸಾಲು "ಮೇಲೆ" ಅಂತ ನಿರೂಪಣೆಯಲ್ಲೇ ಓಲಾಡಿದರೆ ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಪೂರ್ತಿ ಕವಿತೆಯನ್ನು ಕಲಬುರಗಿ ಕನ್ನಡದಲ್ಲೇ ಬರೆಯುವುದೂ ಚೆಂದ, ಆದರೆ ಆಗ ಒಂದು ಪದವೂ ಜಾರಬಾರದು.

## 7. ಕೊನೆ

ಗಾಡಿ ಹೋದ ಮೇಲೆ ಕವಿತೆ ಎಲ್ಲಿ ನಿಲ್ಲಬೇಕು? ಇಲ್ಲಿ ಎಲ್ಲರ ಕೈಯೂ ವಿವರಣೆಯ ಕಡೆ ಹೋಗುತ್ತದೆ. ಅವಳ ಮೂರನೇ ಪ್ರತಿಯ ಕೊನೆ ಹೀಗಿತ್ತು: "ಕಲ್ಲಿನ ಮೇಲೆ ಒದ್ದೆ ಗುರುತು / ಅವ್ವನ ಕಣ್ಣೀರಿನಂತೆ / ಬೆಳಗಾಯಿತು / ಅವಳಿಗೆ ಮಾತ್ರ ಕತ್ತಲೆ." ಕೊನೆಯ ಮೂರು ಸಾಲನ್ನು ಬೆರಳಿನಿಂದ ಮುಚ್ಚಿ ಓದಿ ನೋಡು ಅಂದೆ. ಒದ್ದೆ ಗುರುತೇ ಎಲ್ಲ ಹೇಳುತ್ತಿತ್ತು. ಕಣ್ಣೀರು ಅಂದ ಕೂಡಲೇ ಆ ಗುರುತು ಗುರುತಾಗಿ ಉಳಿಯಲಿಲ್ಲ.

ನೀವೂ ಹೀಗೇ ಮಾಡಿ. ಕೊನೆಯ ಸಾಲು ಮುಚ್ಚಿ, ಅದರ ಮೇಲಿನದನ್ನು ಮುಚ್ಚಿ, ಒಂದು ವಸ್ತುವಿನ ಮೇಲೆ ಬೆರಳು ನಿಲ್ಲುವ ತನಕ ಮೇಲೆ ಹೋಗಿ. ನಿಂತಲ್ಲಿ ಕವಿತೆ ಮುಗಿಸಿ. ಆ ವಸ್ತು ನೀವು ಮೂರನೇ ಹಂತದಲ್ಲಿ ಆರಿಸಿದ್ದೇ ಆಗಿದ್ದರೆ, ಅಥವಾ ಅದು ಬಿಟ್ಟುಹೋದ ಗುರುತಾಗಿದ್ದರೆ, ಕವಿತೆ ಸರಿಯಾದ ದಾರಿಯಲ್ಲಿ ಬಂದಿದೆ. ಕೊನೆಯಲ್ಲಿ ಹೊಸ ವಸ್ತು ಒಂದು ಇದ್ದಕ್ಕಿದ್ದಂತೆ ಬಂದಿದ್ದರೆ, ಉದಾಹರಣೆಗೆ ಹಕ್ಕಿ ಹಾರಿಹೋಯಿತು ಅಂತ, ಬೆನ್ನೆಲುಬು ಎಲ್ಲೋ ಮುರಿದಿದೆ, ಮೂರನೇ ಹಂತಕ್ಕೆ ವಾಪಸ್ ಹೋಗಿ.

ಅವಳ ಕೊನೆಯ ಪ್ರತಿ ಇದು:

ಪರ್ಸಿ ಬೆಂಚಿನ ಮೇಲೆ
ಬಟ್ಟೆಯ ಗಂಟು.
ಒಳಗೆ ಹನ್ನೆರಡು ರೊಟ್ಟಿ,
ಒಲೆಯಿಂದ ಎದ್ದು ಬಂದಂಥವು.
ಆರಿಸಲು ಹೊತ್ತಿರಲಿಲ್ಲ.

ಅವ್ವ ಅಂಗೈ ಇಡುತ್ತಾಳೆ
ಗಂಟಿನ ಮೇಲೆ,
ಜ್ವರ ನೋಡುವ ಹಾಗೆ.

ಆ ತುದಿಗೆ ಒಂದು ಹಲಗೆ.
ಆಮೇಲೆ ಹಳದಿ ಹಲಗೆ.
ಆಮೇಲೆ ಅದರ ಮೇಲೆ
ನಮ್ಮ ಊರು.

ಮಾಲುಗಾಡಿ ನಿಲ್ಲದೆ ಹೋಯಿತು.
ಐವತ್ತೆಂಟು, ಅಂದ ಮಗ.
ಮತ್ತೆ ಅಂಗೈ. ಗಂಟು ಈಗ
ಉಗುರುಬೆಚ್ಚಗೆ.

ಕಂಬದ ದೀಪ ಆರುವ ಹೊತ್ತಿಗೆ
ಅವಳ ಸೆರಗಿಗೆ
ಕೆಂಪು ಬಂತು.

ಮುಟ್ಟಿದ ಮ್ಯಾಲ ಫೋನ್ ಹಚ್ಚು.
ಹೂಂ.
ರೊಟ್ಟಿ ಇವತ್ತ ತಿಂದುಬಿಡು.
ಹೂಂ.

ಗಾಡಿ ಹೋದ ಮೇಲೆ
ಕಲ್ಲಿನ ಮೇಲೆ
ಗಂಟಿನಷ್ಟೇ ಅಗಲದ
ಒಂದು ತೇವ.

"ರೊಟ್ಟಿ ಇವತ್ತ ತಿಂದುಬಿಡು" ಅನ್ನುವ ಮಾತು ಪಟ್ಟಿಯಲ್ಲಿ ಇರಲಿಲ್ಲ, ಪಟ್ಟಿಯಲ್ಲಿ "ಎರಡೇ ಮಾತು" ಅಂತಷ್ಟೇ ಇತ್ತು. ಆದರೆ ಬಿಸಿಯಲ್ಲೇ ಕಟ್ಟಿದ ರೊಟ್ಟಿ ನಾಳೆಗೆ ಉಳಿಯುವುದಿಲ್ಲ ಅಂತ ಆ ಅವ್ವನಿಗೆ ಗೊತ್ತಿರುತ್ತದೆ. ಕಂಡದ್ದರ ಒಳಗಿಂದಲೇ ಹುಟ್ಟಿದ ಮಾತು ಅದು. ಕಲ್ಪನೆಗೆ ಇಷ್ಟು ಜಾಗ ಕೊಡಬಹುದು.

## 8. ಗಟ್ಟಿಯಾಗಿ ಓದಿ, ಆಮೇಲೆ ಹೆಸರಿಡಿ

ಮೂರು ಸಲ ಗಟ್ಟಿಯಾಗಿ ಓದಿ, ಒಂದು ಸಲ ಬೇರೆಯವರ ಬಾಯಿಂದ ಓದಿಸಿ ಕೇಳಿ. ಅವರು ತಡವರಿಸಿದ ಜಾಗಕ್ಕೆ ಗುರುತು ಹಾಕಿ. ಹೆಚ್ಚಿನ ಸಲ ಅಲ್ಲಿ ಸಾಲಿನ ಮುರಿತ ತಪ್ಪಾಗಿರುತ್ತದೆ. ಅವರು ತಾವಾಗಿ ರಾಗ ಎಳೆದು, ಭಾಷಣದ ದನಿಯಲ್ಲಿ ಓದಲು ಶುರು ಮಾಡಿದರೆ ಅದು ಎಚ್ಚರಿಕೆಯ ಗಂಟೆ: ಅಲ್ಲೆಲ್ಲೋ ಒಂದು ದೊಡ್ಡ ಮಾತು ಇನ್ನೂ ಉಳಿದುಕೊಂಡಿದೆ. ಇನ್ನೊಂದು ಪರೀಕ್ಷೆ, ಸ್ಟೇಷನ್ನಿನ ಹೆಸರು ತೆಗೆದು ಬೀದರ್ ಅಂತಲೋ ಹುಬ್ಬಳ್ಳಿ ಅಂತಲೋ ಹಾಕಿ ಓದಿ. ಏನೂ ಕೆಡಲಿಲ್ಲ ಅಂದರೆ ಎರಡನೇ ಹಂತದ ಪಟ್ಟಿಗೆ ಮರಳಿ ಹೋಗಿ, ಆ ಜಾಗದ್ದೇ ಆದ ಒಂದು ವಸ್ತು ಕವಿತೆಯೊಳಗೆ ಇನ್ನೂ ಬಂದಿಲ್ಲ.

ಹೆಸರು ಕೊನೆಗೆ. "ವಿದಾಯ", "ಪಯಣ", "ತಾಯಿ" ಥರದ್ದು ಇಟ್ಟರೆ ಕವಿತೆ ಓದುವ ಮೊದಲೇ ಗುಟ್ಟು ಬಿಟ್ಟುಕೊಟ್ಟ ಹಾಗೆ. ಕವಿತೆಯ ಒಳಗೆ ಹೇಳದೆ ಉಳಿದ, ಆದರೆ ಓದುಗನಿಗೆ ಬೇಕಾದ ಒಂದು ವಿವರ ಇದ್ದರೆ ಅದನ್ನೇ ಹೆಸರು ಮಾಡಿ. ಈ ಕವಿತೆಯಲ್ಲಿ ಊರಿನ ಹೆಸರು ಹಲಗೆಯ ಮೇಲೆ ಕಾಣುತ್ತದೆ, ಆದರೆ ಯಾವ ಊರು ಅಂತ ಸಾಲುಗಳಲ್ಲಿ ಇಲ್ಲ, ಎಷ್ಟು ಹೊತ್ತು ಅಂತಲೂ ಇಲ್ಲ. ಅವಳು ಪಟ್ಟಿಯ ಮೊದಲ ಗಂಟೆಯನ್ನು ನೋಡಿ ಹಾಳೆಯ ಮೇಲ್ಗಡೆ ಬರೆದಳು: "ಶಹಾಬಾದ್, 6:12".